ಕೆಲಸ ಬೆಳೆಯಿತು, ದಿನ ಸಾಲದು: ಗ್ರಾಹಕರಿಗೆ ಹೇಗೆ ಹೇಳುವುದು?

ಪ್ರಶ್ನೆ: ನಮ್ಮದು ಸಣ್ಣ ಸಾಫ್ಟ್‌ವೇರ್ ತಂಡ: ಇಬ್ಬರು ಡೆವಲಪರ್‌ಗಳು, ಒಬ್ಬ ಟೆಸ್ಟರ್, ಮತ್ತೆ ನಾನು. ಒಂದು ಕಂಪನಿಗೆ ಡೀಲರ್‌ಗಳು ಆರ್ಡರ್ ಹಾಕುವ ವೆಬ್ ಆ್ಯಪ್ ಮಾಡಿಕೊಡುತ್ತಿದ್ದೇವೆ. 12 ವಾರ ಅಂತ ಒಪ್ಪಿಕೊಂಡಿದ್ದೆವು, 7 ವಾರ ಮುಗಿಯಿತು. ನಡುವೆ ಅವರು ಅದು ಬೇಕು, ಇದು ಬೇಕು ಅಂದಾಗಲೆಲ್ಲ ಹೂಂ ಅಂದುಬಿಟ್ಟೆವು. ಈಗ ಹೇಳಿದ ದಿನಕ್ಕೆ ಆಗೋದಿಲ್ಲ. ತಪ್ಪು ಅವರದ್ದು ಅಂದ ಹಾಗೆ ಆಗಬಾರದು, ಪೂರ್ತಿ ನಮ್ಮ ಮೇಲೂ ಬರಬಾರದು. ಹೇಗೆ ಹೇಳಲಿ? ಯಾವ ದಿನ ಕೊಡಲಿ? ಬದಲಾವಣೆಗಳ ಪಟ್ಟಿ ಜೊತೆಗಿಟ್ಟಿದ್ದೇನೆ, ಕೂಡಿಸಿದರೆ 36 ದಿನ ತಡ ಆಗುತ್ತದೆ ಸರ್.

ಉತ್ತರ: ಆ 36 ಎಂಬ ಅಂಕಿ ಇಟ್ಟುಕೊಂಡು ಅವರಿಗೆ ಫೋನ್ ಮಾಡಬೇಡಿ. ಅದು ತಪ್ಪು ಲೆಕ್ಕ. ನಿಮ್ಮದೇ ಪಟ್ಟಿಯ ಪ್ರಕಾರ ನೀವು ತಡವಾಗುವುದು 20 ದಿನ. ಈ ವ್ಯತ್ಯಾಸ ನಿಮಗಿಂತ ಮೊದಲು ಗ್ರಾಹಕರ ಕಣ್ಣಿಗೆ ಬಿದ್ದರೆ, ಆಮೇಲೆ ನೀವು ಎಷ್ಟು ವಿನಯದಿಂದ ಬರೆದರೂ ಪ್ರಯೋಜನವಿಲ್ಲ. ಹೇಗೆ ಹೇಳುವುದು ಎನ್ನುವುದಕ್ಕೆ ಆಮೇಲೆ ಬರುತ್ತೇನೆ, ಮೊದಲು ಲೆಕ್ಕ ಸರಿಮಾಡಿಕೊಳ್ಳೋಣ.

ನೀವು ಬರೆದಿರುವುದು ಹೀಗಿದೆ. ಎಲ್ಲ ಡೀಲರ್‌ಗಳಿಗೂ ಒಂದೇ ದರಪಟ್ಟಿ ಎಂದು ಮೊದಲು ಮಾತಾಗಿತ್ತು. 2ನೇ ವಾರದಲ್ಲಿ ದರ್ಜೆಗೊಂದು ದರ ಬೇಕೆಂದರು. ಅದಕ್ಕೆ 8 ದಿನ ಹೋಯಿತು, ಮುಗಿಸಿದ್ದ ಪರದೆಗಳನ್ನು ಮತ್ತೆ ಮಾಡಿದ 2 ದಿನವೂ ಅದರಲ್ಲೇ ಇದೆ. 4ನೇ ವಾರದಲ್ಲಿ ಸ್ಟಾಕ್ ವಿಷಯ ಬಂತು. ದಿನಕ್ಕೊಮ್ಮೆ ಎಕ್ಸೆಲ್ ಫೈಲ್ ಹಾಕುವ ಬದಲು ಅವರ ಅಕೌಂಟ್ಸ್ ಸಾಫ್ಟ್‌ವೇರಿನಿಂದಲೇ ಸ್ಟಾಕ್ ನೇರವಾಗಿ ಬರಬೇಕು ಎಂದರು. ಇದು 9 ದಿನದ ಕೆಲಸ, 4 ಮುಗಿದಿದೆ, 5 ಬಾಕಿ. ಇದರ ನಡುವೆ ಲಾಗಿನ್ ವಿವರ ಅವರ ಕಡೆಯಿಂದ ಬರಲಿ ಎಂದು 4 ದಿನ ಕಾದಿದ್ದೀರಿ. 5ನೇ ವಾರದಲ್ಲಿ ಎರಡನೇ ಭಾಷೆ ಸೇರಿತು, 3 ದಿನ, ಅದು ಮುಗಿದಿದೆ. 6ನೇ ವಾರದಲ್ಲಿ ದೊಡ್ಡ ಆರ್ಡರ್‌ಗಳಿಗೆ ಮ್ಯಾನೇಜರ್ ಅನುಮತಿ ಬೇಕು ಎಂದರು, 5 ದಿನದ ಕೆಲಸ, ಇನ್ನೂ ಶುರುವಾಗಿಲ್ಲ. ಇವೆಲ್ಲಕ್ಕೂ ಸೇರಿ ಟೆಸ್ಟಿಂಗ್ 4 ದಿನ ಹೆಚ್ಚು. ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಬಳಕೆದಾರರ ಲಾಗಿನ್ ಭಾಗಕ್ಕೆ ನಿಮ್ಮ ಅಂದಾಜೇ ತಪ್ಪಿ 3 ದಿನ ಹೆಚ್ಚಾಯಿತು ಎಂದು ಬರೆದಿದ್ದೀರಿ. ಎಲ್ಲ ಕೂಡಿಸಿ 36.

ಕೆಲಸದ ದಿನ ಬೇರೆ, ಕ್ಯಾಲೆಂಡರಿನ ದಿನ ಬೇರೆ. ನಿಮ್ಮಲ್ಲಿ ಇಬ್ಬರು ಡೆವಲಪರ್‌ಗಳು ಅಕ್ಕಪಕ್ಕ ಕೂತು ಏಕಕಾಲಕ್ಕೆ ಬೇರೆ ಬೇರೆ ಕೆಲಸ ಮಾಡುತ್ತಿದ್ದಾರೆ. ಆದ್ದರಿಂದ ಇಬ್ಬರ ಸಾಲನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಿ. ಮೊದಲನೆಯವರ ಸಾಲಿನಲ್ಲಿ ದರದ ಕೆಲಸ 8, ಅನುಮತಿಯ ಕೆಲಸ 5, ಲಾಗಿನ್ ಭಾಗದ ಹೆಚ್ಚುವರಿ 3, ಒಟ್ಟು 16. ಎರಡನೆಯವರ ಸಾಲಿನಲ್ಲಿ ಸ್ಟಾಕ್ 9, ಭಾಷೆ 3. ಕಾದ 4 ದಿನಗಳಲ್ಲಿ 3 ದಿನ ಅವರು ಭಾಷೆಯ ಕೆಲಸವನ್ನೇ ಮಾಡಿದ್ದಾರೆ, ಹಾಗಾಗಿ ನಿಜವಾಗಿ ಖಾಲಿ ಹೋದದ್ದು 1 ದಿನ. ಒಟ್ಟು 13. ಇಬ್ಬರೂ ಮುಗಿಸಿದ ಮೇಲೆ ತಾನೆ ಟೆಸ್ಟಿಂಗ್ ಶುರು? ಉದ್ದದ ಸಾಲು 16, ಅದರ ಮೇಲೆ ಟೆಸ್ಟಿಂಗಿನ ಹೆಚ್ಚುವರಿ 4. ಅಲ್ಲಿಗೆ 20 ಕೆಲಸದ ದಿನ, ಅಂದರೆ ಸರಿಯಾಗಿ 4 ವಾರ. 12ನೇ ವಾರದ ಕೊನೆಗೆ ಮುಗಿಯಬೇಕಿದ್ದದ್ದು 16ನೇ ವಾರದ ಕೊನೆಗೆ ಹೋಗುತ್ತದೆ.

ಆ 20ರಲ್ಲಿ 17 ದಿನ ಸೇರಿದ ಕೆಲಸದಿಂದ, 3 ದಿನ ನಿಮ್ಮಿಂದ. ಈ 3ನ್ನು ಮುಚ್ಚಿಡಬೇಡಿ. ಪತ್ರದಲ್ಲಿ ಒಂದು ವಾಕ್ಯ ಕೊಡಿ, ಅದರ ಖರ್ಚು ನಮ್ಮದೇ ಎಂದೂ ಬರೆಯಿರಿ. ಉಳಿದ 17ನ್ನು ಅವರು ನಂಬುವುದು ಈ 3ರಿಂದಾಗಿ.

ಇನ್ನು ಆ ಕಾದ 4 ದಿನದ ವಿಷಯ. ನಿಮಗೆ ಅದನ್ನು ಪತ್ರದಲ್ಲಿ ಹಾಕುವ ಆಸೆ ಇರುತ್ತದೆ, ಯಾಕೆಂದರೆ ಅದೊಂದು ಮಾತ್ರ ನೂರಕ್ಕೆ ನೂರು ಅವರ ಕಡೆಯದು. ಹಾಕಬೇಡಿ. ಅದು ಚಿಕ್ಕ ಸಾಲಿನಲ್ಲಿ ಆದ ತಡ, ಕೊನೆಯ ದಿನವನ್ನು ಅದು ಒಂದು ಗಂಟೆಯೂ ಮುಂದೆ ತಳ್ಳಿಲ್ಲ. ಇದನ್ನು ನಾನು ಕಲಿತದ್ದು ಮುಖಭಂಗ ಮಾಡಿಕೊಂಡೇ. ವರ್ಷಗಳ ಹಿಂದೆ ಒಂದು ಕೆಲಸದಲ್ಲಿ ‘ನಿಮ್ಮ ಕಡೆಯಿಂದ ಮಾಹಿತಿ 6 ದಿನ ತಡವಾಗಿ ಬಂತು’ ಎಂದು ಕಾರಣಗಳ ಸಾಲಿನಲ್ಲಿ ಮೊದಲಿಗೇ ಬರೆದಿದ್ದೆ. ಅವರ ಮ್ಯಾನೇಜರ್ ಉತ್ತರದಲ್ಲಿ ಒಂದೇ ಒಂದು ಸ್ಕ್ರೀನ್‌ಶಾಟ್ ಕಳಿಸಿದರು. ಅದೇ ವಾರ ನಾನೇ ಅವರಿಗೆ ಮಾಡಿದ್ದ ಮೆಸೇಜು: ‘ತೊಂದರೆ ಇಲ್ಲ ಮೇಡಂ, ಅಲ್ಲಿಯವರೆಗೆ ಬೇರೆ ಕೆಲಸ ಮಾಡುತ್ತಿರುತ್ತೇವೆ.’ ಪತ್ರದ ಉಳಿದ ಎಲ್ಲ ಸಾಲುಗಳೂ ನಿಜವಾಗಿದ್ದವು. ಯಾರೂ ಓದಲಿಲ್ಲ.

ಹಾಗಾಗಿ ಎರಡನೇ ಕೆಲಸ, ಪ್ರತಿ ಬದಲಾವಣೆಗೂ ಗುರುತು ಹುಡುಕುವುದು. ಯಾವ ದಿನ, ಯಾರು, ಎಲ್ಲಿ ಕೇಳಿದರು: ಮೇಲ್, ಚಾಟ್, ಮೀಟಿಂಗಿನ ಟಿಪ್ಪಣಿ. ಒಪ್ಪಂದದ ಜೊತೆಗಿದ್ದ ಕೆಲಸದ ಪಟ್ಟಿಯಲ್ಲಿ ಆ ವಿಷಯಕ್ಕೆ ಏನು ಬರೆದಿತ್ತು. ನೀವು ಯಾವಾಗ ಹೂಂ ಅಂದಿರಿ. ಬಾಯಿಮಾತಿನಲ್ಲಿ ಬಂದದ್ದಾದರೆ ಹಾಗೆಂದೇ ಬರೆಯಿರಿ, ಇಲ್ಲದ ದಾಖಲೆ ಹುಟ್ಟಿಸಬೇಡಿ. ಇದನ್ನು ಮಾಡುವಾಗ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ನಾಲ್ಕೂ ಒಂದೇ ಜಾತಿಯವಲ್ಲ. ಸ್ಟಾಕಿನ ವಿಷಯದಲ್ಲಿ ಒಪ್ಪಂದ ‘ದಿನಕ್ಕೊಮ್ಮೆ ಎಕ್ಸೆಲ್ ಫೈಲ್’ ಎಂದೇ ಹೇಳುತ್ತದೆ, ಅಲ್ಲಿ ವಾದಕ್ಕೆ ಜಾಗವಿಲ್ಲ. ದರ, ಭಾಷೆ ಕೂಡ ಹಾಗೇ. ಆದರೆ ಅನುಮತಿಯ ವಿಷಯದಲ್ಲಿ ನಿಮ್ಮ ಮೂಲ ಪಟ್ಟಿಯಲ್ಲಿ ‘ಆರ್ಡರ್ ದೃಢೀಕರಣ’ ಎಂಬ ಎರಡು ಪದಗಳಿವೆ. ನೀವು ಅದನ್ನು ‘ಆರ್ಡರ್ ಬಂದಿದೆ’ ಎಂಬ ಮೆಸೇಜು ಎಂದು ಓದಿಕೊಂಡಿರಿ. ಅವರು ಮ್ಯಾನೇಜರ್ ದೃಢೀಕರಿಸುವುದು ಎಂದು ಓದಿಕೊಂಡಿರಬಹುದು. ‘ಅದು ಮೊದಲೇ ಇತ್ತಲ್ಲ’ ಎಂಬ ಮಾತು ಬಂದರೆ ಇದೇ ಜಾಗದಲ್ಲಿ ಬರುತ್ತದೆ, ಬರೆದಿಟ್ಟುಕೊಳ್ಳಿ.

ಆಗ ಏನು ಮಾಡುತ್ತೀರಿ? ಹಗ್ಗಜಗ್ಗಾಟಕ್ಕೆ ಇಳಿಯಬೇಡಿ. ಎಷ್ಟು ದಿನ ಬೇಕು ಎನ್ನುವುದು ಒಂದು ಪ್ರಶ್ನೆ, ಅದರ ದುಡ್ಡು ಯಾರು ಕೊಡಬೇಕು ಎನ್ನುವುದು ಇನ್ನೊಂದು. ಅನುಮತಿ ಮೂಲ ಒಪ್ಪಂದದಲ್ಲೇ ಇತ್ತು ಎಂದು ನೀವು ಒಪ್ಪಿಕೊಂಡರೂ ಅದಕ್ಕೆ ಬೇಕಾದ 5 ದಿನ 4 ಆಗುವುದಿಲ್ಲ. ದಿನದ ಮಾತು ಈಗಲೇ ಆಗಬೇಕು. ದುಡ್ಡಿನ ಮಾತು ಇನ್ನೊಂದು ವಾರಕ್ಕೆ ಆದರೂ ಆಕಾಶ ಕಳಚಿ ಬೀಳುವುದಿಲ್ಲ. ಎರಡನ್ನೂ ಒಂದೇ ಪತ್ರದಲ್ಲಿ ಕಲಸಿದರೆ ಅವರು ದಿನದ ವಿಷಯ ಬಿಟ್ಟು ದುಡ್ಡಿನ ವಿಷಯ ಹಿಡಿದುಕೊಳ್ಳುತ್ತಾರೆ, ತೀರ್ಮಾನ ಯಾವುದಕ್ಕೂ ಬರುವುದಿಲ್ಲ. ಅದರ ಬಗ್ಗೆ ಪ್ರತ್ಯೇಕವಾಗಿ ಬರೆಯುತ್ತೇವೆ ಎಂಬ ಒಂದು ಸಾಲು ಮಾತ್ರ ಇರಲಿ, ಇಲ್ಲದಿದ್ದರೆ ಎಲ್ಲ ಬಿಟ್ಟಿ ಎಂದುಕೊಂಡಾರು. ಒಂದು ಎಚ್ಚರಿಕೆ: ಬದಲಾವಣೆಗಳನ್ನು ಲಿಖಿತವಾಗಿ, ಇಷ್ಟು ದಿನದೊಳಗೆ ತಿಳಿಸಬೇಕು ಎಂಬ ಷರತ್ತು ಒಪ್ಪಂದದಲ್ಲಿ ಇದೆಯೇ ಎಂದು ಕಳಿಸುವ ಮುಂಚೆ ನೋಡಿಕೊಳ್ಳಿ. ಇದ್ದರೆ ಆ ಷರತ್ತು ಕೇಳುವ ರೂಪದಲ್ಲೇ, ಕೇಳುವ ವ್ಯಕ್ತಿಗೇ ಪತ್ರ ಹೋಗಬೇಕು.

ಈಗ ಹೊಸ ದಿನ. 16ನೇ ವಾರದ ಕೊನೆ ಎಂಬುದು ಲೆಕ್ಕ, ಮಾತು ಕೊಡುವ ದಿನ ಅದಲ್ಲ. ನಿಮ್ಮ ಪಟ್ಟಿಯಲ್ಲಿ ಇನ್ನೂ ಖಚಿತವಿಲ್ಲದ್ದು ಒಂದೇ: ಅವರ ಅಕೌಂಟ್ಸ್ ಸಾಫ್ಟ್‌ವೇರಿನ ನಿಜವಾದ ಡೇಟಾ ಜೊತೆ ಸ್ಟಾಕ್ ಜೋಡಣೆಯನ್ನು ನೀವು ಇನ್ನೂ ಓಡಿಸಿ ನೋಡಿಲ್ಲ, ಮಾದರಿ ಡೇಟಾದಲ್ಲಿ ಮಾತ್ರ ನೋಡಿದ್ದೀರಿ. ಬಾಕಿ 5 ದಿನ ಎನ್ನುವ ನಿಮ್ಮ ಅಂದಾಜು ಅಲ್ಲೇ ತಪ್ಪಬಹುದು. ಅದಕ್ಕಾಗಿ 3 ದಿನ ಸೇರಿಸಿ, ಸೇರಿಸಿದ್ದೇವೆ ಎಂದು ಬಾಯಿಬಿಟ್ಟು ಹೇಳಿ. ಅಂದರೆ 17ನೇ ವಾರದ ಬುಧವಾರ. ಪ್ರತಿ ಸಾಲಿನಲ್ಲೂ ಗುಟ್ಟಾಗಿ ಒಂದೊಂದು ದಿನ ತುರುಕುವುದಕ್ಕಿಂತ ಇದು ವಾಸಿ. ಕದ್ದು ತುರುಕಿದ ದಿನಗಳು ಕೆಲಸಕ್ಕೆ ತಕ್ಕ ಹಾಗೆ ಕರಗಿಹೋಗುತ್ತವೆ, ಬೇಕಾದಾಗ ಕೈಗೆ ಸಿಗುವುದಿಲ್ಲ.

ಒಂದೇ ದಿನ ಮುಂದಿಟ್ಟರೆ ಅವರಿಗೆ ಉಳಿಯುವ ಉತ್ತರ ಎರಡೇ, ಸರಿ ಅಥವಾ ಸಿಟ್ಟು. ಆದ್ದರಿಂದ ಇನ್ನೊಂದು ದಾರಿಯನ್ನೂ ಹುಡುಕಬೇಕು. ಇಲ್ಲಿ ನೀವೇ ಸೂಚಿಸಿದ್ದೀರಿ, ಅನುಮತಿಯ ಕೆಲಸ ಬಿಟ್ಟರೆ 5 ದಿನ ಮತ್ತು ಅದರ ಟೆಸ್ಟಿಂಗ್ 1 ದಿನ, ಒಟ್ಟು 6 ದಿನ ಉಳಿಯುತ್ತದೆ ಎಂದು. ಉಳಿಯುವುದಿಲ್ಲ. ಅನುಮತಿ ಬಿಟ್ಟರೆ ಮೊದಲನೆಯವರ ಸಾಲು 16ರಿಂದ 11ಕ್ಕೆ ಇಳಿಯುತ್ತದೆ ನಿಜ, ಆದರೆ ಆಗ ಎರಡನೆಯವರ 13ರ ಸಾಲೇ ಉದ್ದದ್ದಾಗಿ ಕೂರುತ್ತದೆ. 16 ಹೋಗಿ 13, ಟೆಸ್ಟಿಂಗ್ 4 ಹೋಗಿ 3. ಉಳಿಯುವುದು 4 ದಿನ. ‘ಅದೊಂದು ಬಿಟ್ಟರೆ ಒಂದು ವಾರಕ್ಕೂ ಹೆಚ್ಚು ಬೇಗ ಆಗುತ್ತೆ ಸರ್’ ಎಂದು ಫೋನಿನಲ್ಲಿ ಹೇಳಿ, ಅವರು ಬೇಸರದಿಂದಲೇ ಬಿಡಲು ಒಪ್ಪಿ, ಆಮೇಲೆ 4 ದಿನ ಮಾತ್ರ ಸಿಕ್ಕರೆ ಗ್ರಹಚಾರ. ಮೊದಲನೆಯವರ ಕೆಲಸದಲ್ಲಿ ಸ್ವಲ್ಪ ಎರಡನೆಯವರಿಗೆ ಕೊಟ್ಟರೆ ಎಂದು ಕೇಳುತ್ತೀರಿ. 16 ಮತ್ತು 13ರ ನಡುವೆ ಸಮ ಮಾಡಿದರೂ ಗೆಲ್ಲುವುದು ಒಂದು ದಿನ, ಅದು ವಿವರಿಸಿ ಒಪ್ಪಿಸುವುದರಲ್ಲೇ ಹೋಗುತ್ತದೆ.

ನಿಜವಾಗಿ ದಿನ ಉಳಿಯುವುದು ಎರಡೂ ಸಾಲಿನಿಂದ ಒಂದೊಂದು ತೆಗೆದಾಗ. ಅನುಮತಿಯ ಜೊತೆ ಸ್ಟಾಕಿನ ಬಾಕಿ 5 ದಿನದ ಕೆಲಸವನ್ನೂ ಎರಡನೇ ಹಂತಕ್ಕೆ ಇಡಿ. ಮೊದಲ ಹಂತದಲ್ಲಿ, ಒಪ್ಪಂದದಲ್ಲಿ ಮೊದಲು ಇದ್ದ ಹಾಗೆ, ಸ್ಟಾಕ್ ಎಕ್ಸೆಲ್ ಫೈಲಿನಿಂದಲೇ ಬರಲಿ. ಆಗ ಸಾಲುಗಳು 11 ಮತ್ತು 8, ಹೆಚ್ಚುವರಿ ಟೆಸ್ಟಿಂಗ್ 1. ತಡವಾಗುವುದು 12 ದಿನ. ಅನಿಶ್ಚಿತವಾದ ಭಾಗವೇ ಹೊರಗೆ ಹೋದದ್ದರಿಂದ 1 ದಿನದ ಬಫರ್ ಸಾಕು. 15ನೇ ವಾರದ ಬುಧವಾರ ಡೀಲರ್‌ಗಳು ಆರ್ಡರ್ ಹಾಕಬಹುದು. ಇದಕ್ಕೂ ಬೆಲೆ ಇದೆ, ಹೇಳಲೇಬೇಕು: ಎರಡು ಸಲ ಟೆಸ್ಟಿಂಗ್, ಎರಡನೇ ಸಲ ಓಡುತ್ತಿರುವ ಆ್ಯಪ್ ಕೆಡದ ಹಾಗೆ ಜೋಡಿಸಬೇಕು. ಹಾಗಾಗಿ ಎಲ್ಲ ಮುಗಿಯುವುದು 17ನೇ ವಾರದಲ್ಲಲ್ಲ, 18ನೇ ವಾರದ ಕೊನೆಗೆ.

ಹಳೆಯ ದಿನಕ್ಕೆ ಮುಗಿಸುವ ಮೂರನೇ ದಾರಿ ಇದೆಯೇ? ಇಲ್ಲ. ದರದ 8 ದಿನ, ನಿಮ್ಮ 3 ದಿನ ಈಗಾಗಲೇ ಖರ್ಚಾಗಿವೆ, ಇವತ್ತೇ ಎಲ್ಲ ಬದಲಾವಣೆ ಕೈಬಿಟ್ಟರೂ ಅವು ವಾಪಸ್ ಬರುವುದಿಲ್ಲ. ಇಲ್ಲದ ದಾರಿಯನ್ನು ಸೌಜನ್ಯಕ್ಕೆಂದು ತೋರಿಸಬೇಡಿ. ‘ಇನ್ನಿಬ್ಬರನ್ನು ಹಾಕಿಕೊಳ್ಳಿ’ ಎಂದು ಅವರು ಹೇಳಿಯೇ ಹೇಳುತ್ತಾರೆ. 8ನೇ ವಾರದಲ್ಲಿ ಬಂದ ಹೊಸಬರಿಗೆ ಕೋಡ್ ತೋರಿಸಬೇಕಾದವರು ಯಾರು? ಉದ್ದದ ಸಾಲಿನಲ್ಲಿ ಕೂತಿರುವ ಅದೇ ಡೆವಲಪರ್. ಮೊದಲ ವಾರ ನಷ್ಟ, ಆಮೇಲೆ ಲಾಭ ಬರುವ ಹೊತ್ತಿಗೆ ಕೆಲಸ ಟೆಸ್ಟಿಂಗಿಗೆ ಬಂದಿರುತ್ತದೆ. ಟೆಸ್ಟಿಂಗಿಗೆ ಒಬ್ಬರು ಹೆಚ್ಚು ಸಿಕ್ಕರೆ ಮಾತ್ರ ಒಂದೆರಡು ದಿನ ಉಳಿದೀತು.

ಇಷ್ಟು ಕೈಯಲ್ಲಿದ್ದ ಮೇಲೆ ಫೋನ್ ಮಾಡಿ. ಮೇಲ್ ಮೊದಲು ಬೇಡ. ಕೆಟ್ಟ ಸುದ್ದಿಯನ್ನು ಪರದೆಯ ಮೇಲೆ ಒಂಟಿಯಾಗಿ ಓದಿದವರು ಉತ್ತರವನ್ನೂ ಅಲ್ಲೇ ಬರೆಯುತ್ತಾರೆ, ನಾಲ್ಕು ಜನರಿಗೆ ಕಾಪಿ ಹಾಕಿ. ಫೋನಿನ ಮಾತು ಎರಡು ನಿಮಿಷ ಸಾಕು, ಮೊದಲ ವಾಕ್ಯದಲ್ಲೇ ವಿಷಯ ಬರಲಿ: ‘ಸರ್, ಆ್ಯಪ್ 12ನೇ ವಾರಕ್ಕೆ ಸಿದ್ಧವಾಗುವುದಿಲ್ಲ. ನಡುವೆ ನಾಲ್ಕು ಕೆಲಸ ಸೇರಿದವು, ನಮ್ಮ ಕಡೆಯಿಂದಲೂ 3 ದಿನ ತಪ್ಪಿದೆ. ಎರಡು ದಾರಿ ಲೆಕ್ಕ ಹಾಕಿದ್ದೇನೆ, ಒಂದರಲ್ಲಿ 15ನೇ ವಾರ ಶುರು ಮಾಡಬಹುದು, ಇನ್ನೊಂದರಲ್ಲಿ ಎಲ್ಲ ಸೇರಿ 17ನೇ ವಾರ. ಮಧ್ಯಾಹ್ನದೊಳಗೆ ಬರೆದು ಕಳಿಸುತ್ತೇನೆ. 12ನೇ ವಾರಕ್ಕೆ ನೀವು ಏನಾದರೂ ಕಾರ್ಯಕ್ರಮ ಇಟ್ಟುಕೊಂಡಿದ್ದೀರಾ?’ ಆ ಕೊನೆಯ ಪ್ರಶ್ನೆ ಮರೆಯಬೇಡಿ. ಅವರು ಆ ದಿನವನ್ನು ಡೀಲರ್‌ಗಳಿಗೆ ಆಗಲೇ ಹೇಳಿಬಿಟ್ಟಿದ್ದರೆ ಎರಡು ದಾರಿಗಳ ತೂಕವೇ ಬದಲಾಗುತ್ತದೆ. ಕೇಳಿ ಸುಮ್ಮನಿರಿ. ಅವರು ಬೈದರೆ ಬೈಸಿಕೊಳ್ಳಿ, ಸಮರ್ಥನೆಗೆ ಹೋಗಬೇಡಿ, ಕಾಗದ ಹೇಗೂ ಮಧ್ಯಾಹ್ನ ಹೋಗುತ್ತದೆ.

ಭಾಷೆಯ ಬಗ್ಗೆ ಒಂದು ಮಾತು. ನಮ್ಮಲ್ಲಿ ಜಗಳ ಹತ್ತಿಸಲು ಒಂದು ಏಕಾರ ಸಾಕು. ‘ನೀವು ಕೇಳಿದ್ದರಿಂದ ತಡವಾಯಿತು’ ಎನ್ನುವುದಕ್ಕೂ ‘ನೀವು ಕೇಳಿದ್ದರಿಂದಲೇ ತಡವಾಯಿತು’ ಎನ್ನುವುದಕ್ಕೂ ಎಷ್ಟು ದೂರ! ಇನ್ನೂ ಒಳ್ಳೆಯದು, ವಾಕ್ಯದ ಕರ್ತೃವನ್ನು ಕೆಲಸಕ್ಕೆ ಕೊಡಿ: ‘ದರ್ಜೆವಾರು ದರ ಸೇರಿತು, 8 ದಿನ ಹಿಡಿಯಿತು.’ ಹಾಗೆಯೇ ‘ಆದಷ್ಟು ಬೇಗ’, ‘ಹೆಚ್ಚೂಕಡಿಮೆ’, ‘ಸ್ವಲ್ಪ ಹಿಂದೆಮುಂದೆ’ ಇವನ್ನೆಲ್ಲ ಹುಡುಕಿ ಅಳಿಸಿ. ‘ಕೆಲವು ಅನಿವಾರ್ಯ ಕಾರಣಗಳಿಂದ’ ಎಂಬುದನ್ನಂತೂ ಬರೆಯಲೇಬೇಡಿ, ಅದನ್ನು ಓದಿದವರಿಗೆ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ಅನ್ನಿಸುವುದು.

ನಾನಾದರೆ ಹೀಗೆ ಬರೆಯುತ್ತಿದ್ದೆ. ವಾರದ ಸಂಖ್ಯೆ ಇರುವಲ್ಲೆಲ್ಲ ನೀವು ನಿಜವಾದ ತಾರೀಖು ಹಾಕಿ.

> ವಿಷಯ: ಆರ್ಡರ್ ಆ್ಯಪ್ ಮುಗಿಯುವ ದಿನದ ಬದಲಾವಣೆ, ಈ ಶುಕ್ರವಾರದೊಳಗೆ ನಿಮ್ಮ ತೀರ್ಮಾನ ಬೇಕು
>
> ನಮಸ್ಕಾರ ಸರ್,
>
> ಬೆಳಿಗ್ಗೆ ಫೋನಿನಲ್ಲಿ ತಿಳಿಸಿದಂತೆ, ಆ್ಯಪ್ 12ನೇ ವಾರದ ಕೊನೆಗೆ ಸಿದ್ಧವಾಗುವುದಿಲ್ಲ. ಈಗಿನ ಲೆಕ್ಕದಲ್ಲಿ 20 ಕೆಲಸದ ದಿನ ಹೆಚ್ಚು ಬೇಕು. ಇದರಲ್ಲಿ 17 ದಿನ ಒಪ್ಪಂದದ ನಂತರ ಸೇರಿದ ಕೆಲಸಗಳಿಗೆ: ದರ್ಜೆವಾರು ದರ, ಸ್ಟಾಕಿನ ನೇರ ಜೋಡಣೆ, ಎರಡನೇ ಭಾಷೆ, ದೊಡ್ಡ ಆರ್ಡರಿಗೆ ಅನುಮತಿ, ಮತ್ತು ಇವುಗಳ ಟೆಸ್ಟಿಂಗ್. ಉಳಿದ 3 ದಿನ ಲಾಗಿನ್ ಭಾಗದಲ್ಲಿ ನಮ್ಮ ಅಂದಾಜು ತಪ್ಪಿದ್ದರಿಂದ ಆದದ್ದು, ಅದರ ಖರ್ಚು ನಮ್ಮದು. ಈ ಕೆಲಸಗಳು ಸೇರಿದಾಗಲೇ ದಿನದ ಮೇಲೆ ಆಗುವ ಪರಿಣಾಮವನ್ನು ನಾವು ತಿಳಿಸಬೇಕಿತ್ತು, ತಿಳಿಸಲಿಲ್ಲ. ಅದಕ್ಕೆ ಕ್ಷಮೆ ಇರಲಿ. ಪ್ರತಿ ಕೆಲಸ ಯಾವಾಗ ಸೇರಿತು, ಎಷ್ಟು ದಿನ ಹಿಡಿಯಿತು ಎಂಬ ಪಟ್ಟಿ ಜೊತೆಗಿದೆ.
>
> ಮುಂದೆ ಎರಡು ದಾರಿಗಳಿವೆ.
>
> ಮೊದಲನೆಯದು, ಎಲ್ಲವನ್ನೂ ಒಟ್ಟಿಗೆ ಕೊಡುವುದು: 17ನೇ ವಾರದ ಬುಧವಾರ. ಸ್ಟಾಕ್ ಜೋಡಣೆಯನ್ನು ನಿಮ್ಮ ನಿಜವಾದ ಡೇಟಾ ಜೊತೆ ಇನ್ನೂ ನೋಡಬೇಕಿರುವುದರಿಂದ ಇದರಲ್ಲಿ 3 ದಿನದ ಬಫರ್ ಸೇರಿದೆ.
>
> ಎರಡನೆಯದು, ಎರಡು ಹಂತಗಳಲ್ಲಿ ಕೊಡುವುದು: ದರ್ಜೆವಾರು ದರ ಮತ್ತು ಎರಡೂ ಭಾಷೆಗಳೊಂದಿಗೆ 15ನೇ ವಾರದ ಬುಧವಾರ ಬಳಕೆಗೆ, ಸ್ಟಾಕ್ ಎಕ್ಸೆಲ್ ಫೈಲಿನಿಂದ. ನೇರ ಜೋಡಣೆ ಮತ್ತು ಅನುಮತಿ 18ನೇ ವಾರದ ಕೊನೆಗೆ. ಟೆಸ್ಟಿಂಗ್ ಎರಡು ಸಲ ಆಗುವುದರಿಂದ ಒಟ್ಟು ಅವಧಿ ಮೊದಲನೆಯದಕ್ಕಿಂತ ಉದ್ದ.
>
> ಡೀಲರ್‌ಗಳು ಬೇಗ ಬಳಸಲು ಶುರುಮಾಡುವುದು ಮುಖ್ಯವಾದರೆ ಎರಡನೆಯದು ಸೂಕ್ತ ಎಂದು ನನ್ನ ಅಭಿಪ್ರಾಯ.
>
> ಶುಕ್ರವಾರದವರೆಗೆ ತಂಡ ಎರಡೂ ದಾರಿಗೆ ಬೇಕಾಗುವ ಕೆಲಸವನ್ನೇ ಮಾಡುತ್ತಿರುತ್ತದೆ, ಅಷ್ಟರವರೆಗೆ ಈ ದಿನಗಳು ಬದಲಾಗುವುದಿಲ್ಲ. ಅದಾದ ಮೇಲೆ ಉತ್ತರ ತಡವಾದಷ್ಟು ದಿನ ಮುಂದೆ ಹೋಗುತ್ತದೆ. ಹೆಚ್ಚುವರಿ ಕೆಲಸದ ವೆಚ್ಚದ ಬಗ್ಗೆ ಪ್ರತ್ಯೇಕವಾಗಿ ಬರೆಯುತ್ತೇನೆ.

ಕ್ಷಮೆ ಯಾವುದಕ್ಕೆ ಕೇಳಿದೆ ಗಮನಿಸಿ. ಕೆಲಸ ಸೇರಿದ್ದಕ್ಕಲ್ಲ, ಸೇರಿದಾಗ ಬಾಯಿಬಿಡದೆ ಇದ್ದದ್ದಕ್ಕೆ. ನಿಮ್ಮ ನಿಜವಾದ ತಪ್ಪು ಅದೇ. ಅವರು ಕೇಳಿದ್ದು ತಪ್ಪಲ್ಲ, ಹೂಂ ಅಂದವರು ನೀವು. 2ನೇ ವಾರದಲ್ಲೇ ‘ಆಗಲಿ ಸರ್, 8 ದಿನ ಮುಂದೆ ಹೋಗುತ್ತದೆ’ ಎಂದಿದ್ದರೆ ಅವರು ಎರಡನೇ ಭಾಷೆಯನ್ನೋ ಅನುಮತಿಯನ್ನೋ ಕೇಳುವ ಮುಂಚೆ ಒಂದು ಸಲ ಯೋಚಿಸುತ್ತಿದ್ದರು. ಆ ಯೋಚಿಸುವ ಅವಕಾಶ ಅವರಿಗೆ ಸಿಗಲಿಲ್ಲ. ಇದನ್ನು ನೀವೇ ಹೇಳಿಬಿಟ್ಟರೆ ಅವರು ಹೇಳಬೇಕಾದ ದೊಡ್ಡ ದೂರು ಅಲ್ಲಿಗೆ ಮುಗಿಯಿತು.

ನಿಮ್ಮ ಅಭಿಪ್ರಾಯವನ್ನೂ ಬರೆಯಿರಿ. ಎರಡು ದಾರಿ ಇಟ್ಟು ‘ನೀವೇ ನೋಡಿ’ ಎಂದು ಕೈತೊಳೆದುಕೊಂಡರೆ ಅವರ ಕಡೆ ಮೂರು ಜನ ಕೂತು ಒಂದು ವಾರ ಮಾತಾಡುತ್ತಾರೆ.

ಉತ್ತರ ಬಂತು ಎನ್ನಿ, ಎಲ್ಲ ಒಟ್ಟಿಗೇ ಬೇಕು, 17ನೇ ವಾರವೇ ಆಗಲಿ ಎಂದರು. ಇನ್ನು ಈ ದಿನ ತಪ್ಪಬಾರದು. ಒಂದು ಸಲ ಮುಂದೂಡಿದ್ದನ್ನು ಜನ ಸಹಿಸುತ್ತಾರೆ, ಎರಡನೇ ಸಲ ನಿಮ್ಮ ಯಾವ ತಾರೀಖನ್ನೂ ನಂಬುವುದಿಲ್ಲ. ಅದಕ್ಕೆ ನಡುವೆ ಮೂರು ಕಡೆ ಮೊಳೆ ಹೊಡೆಯಿರಿ, ಅವರ ಕಣ್ಣಿಗೂ ಕಾಣುವ ಹಾಗೆ. 9ನೇ ವಾರದ ಕೊನೆಗೆ ಸ್ಟಾಕ್ ಅವರ ನಿಜವಾದ ಡೇಟಾದಿಂದ ಪರದೆಯ ಮೇಲೆ ಬರಬೇಕು. 11ನೇ ವಾರದ ಕೊನೆಗೆ ಅನುಮತಿಯ ಭಾಗವನ್ನು ಅವರ ಮ್ಯಾನೇಜರ್ ಒತ್ತಿ ನೋಡಬೇಕು. 14ನೇ ವಾರದ ಸೋಮವಾರ ಸಂಜೆ ಪೂರ್ತಿ ಆ್ಯಪ್ ಟೆಸ್ಟರ್ ಕೈಗೆ ಹೋಗಬೇಕು. ಈ ಮೂರರಲ್ಲಿ ಮೊದಲನೆಯದೇ ಎಲ್ಲವನ್ನೂ ಹೇಳಿಬಿಡುತ್ತದೆ. ‘ತೊಂಬತ್ತು ಪರ್ಸೆಂಟ್ ಆಗಿದೆ’ ಎಂಬ ಮಾತು ಡೆವಲಪರ್ ಬಾಯಿಂದ ಬಂದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಅವರ ಗೋದಾಮಿನ ಯಾವುದಾದರೂ ಒಂದು ವಸ್ತುವಿನ ಸಂಖ್ಯೆ ನಿಮ್ಮ ಪರದೆಯ ಸಂಖ್ಯೆಗೆ ತಾಳೆಯಾಗುತ್ತದೆಯೇ ಎಂದು ನೀವೇ ಕೂತು ನೋಡಿ. ತಾಳೆಯಾಗದಿದ್ದರೆ 3 ದಿನದ ಬಫರ್ ಕರಗಲು ಶುರುವಾಗಿದೆ ಎಂದು ಅರ್ಥ, ಅದನ್ನು ಅವರಿಗೆ ಅದೇ ಸಂಜೆ ತಿಳಿಸಿ: ‘3ರಲ್ಲಿ 1 ದಿನ ಬಳಕೆಯಾಯಿತು, ಕೊನೆಯ ದಿನ ಬದಲಾಗಿಲ್ಲ.’ ತಾಳೆಯಾದರೂ ತಿಳಿಸಿ, ಒಂದು ಸಾಲು.

ಮತ್ತೆ ಈ ಫೋನಿನಲ್ಲೋ ಮುಂದಿನದ್ದರಲ್ಲೋ ಅವರು ‘ಹೇಗೂ ಮುಂದಕ್ಕೆ ಹೋಗಿದೆಯಲ್ಲ, ಇನ್ನೊಂದು ಸಣ್ಣದು ಇದೆ’ ಎನ್ನುತ್ತಾರೆ. ನೂರಕ್ಕೆ ತೊಂಬತ್ತು ಸಲ ಎನ್ನುತ್ತಾರೆ. ಇಲ್ಲ ಎನ್ನಬೇಡಿ, ಹೂಂ ಎಂದೂ ಅನ್ನಬೇಡಿ. ‘ಬರೆದುಕೊಂಡೆ ಸರ್, ಎಷ್ಟು ದಿನ ಅಂತ ನಾಳೆ ಹೇಳುತ್ತೇನೆ’ ಎನ್ನಿ. ಮಾರನೆಯ ದಿನ ನಾಲ್ಕು ಸಾಲು ಕಳಿಸಿ: ಏನು ಕೇಳಿದಿರಿ, ಎಷ್ಟು ದಿನದ ಕೆಲಸ, ಯಾರ ಸಾಲಿನಲ್ಲಿ ಬೀಳುತ್ತದೆ, ಕೊನೆಯ ದಿನ ಸರಿಯುತ್ತದೆಯೋ ಇಲ್ಲವೋ. ಚಿಕ್ಕ ಸಾಲಿನಲ್ಲಿ ಬೀಳುವ 2 ದಿನದ ಕೆಲಸವಾದರೆ ದಿನ ಸರಿಯುವುದಿಲ್ಲ ಎಂದು ಖುಷಿಯಾಗಿ ಬರೆಯಬಹುದು. ಉದ್ದದ ಸಾಲಿನಲ್ಲಿ ಬೀಳುವುದಾದರೆ ಅರ್ಧ ದಿನದ ಕೆಲಸಕ್ಕೂ ಅವರಿಂದ ‘ಒಪ್ಪಿಗೆ’ ಎಂಬ ಒಂದು ಪದ ಲಿಖಿತವಾಗಿ ಬರುವವರೆಗೆ ಡೆವಲಪರ್‌ಗೆ ಆ ಸುದ್ದಿಯನ್ನೇ ಹೇಳಬೇಡಿ.